ಆರ್ಡರ್ ಬಂತು, ಹಣ ಬರಲಿಲ್ಲ

ದೀಪಾವಳಿ ಕಳೆದು ಮೂರ್ನಾಲ್ಕು ವಾರ ಆಗುವಷ್ಟರಲ್ಲಿ, ವಾಪಸ್ ಬರಬೇಕಾದ ಪಾರ್ಸೆಲ್‌ಗಳೆಲ್ಲ ಗೋಡೌನಿಗೆ ಬಂದು ಬಿದ್ದಿರುತ್ತವೆ. ಆನ್‌ಲೈನ್ ವ್ಯಾಪಾರ ಮಾಡುವ ಸಣ್ಣ ಕಂಪನಿಗಳಲ್ಲಿ ಹಬ್ಬದ ಜಾಹೀರಾತಿನ ನಿಜವಾದ ಲೆಕ್ಕ ಸಿಗುವುದು ಆಗಲೇ. ಅಂದುಕೊಂಡಷ್ಟು ವ್ಯಾಪಾರ ಆಗದಿದ್ದರೆ ಮಾರ್ಕೆಟಿಂಗ್ ಮ್ಯಾನೇಜರ್ ಕಂಪನಿ ಕಟ್ಟಿದವರಿಗೆ ಒಂದು ಪತ್ರ ಬರೆಯಬೇಕಾಗುತ್ತದೆ. ಕೊಟ್ಟ ದುಡ್ಡು ಎಲ್ಲಿ ಹೋಯಿತು, ಇನ್ನು ಮುಂದೆ ಏನು ಬದಲಾಗುತ್ತದೆ ಎಂದು ತಿಳಿಸುವ ಪತ್ರ ಅದು.

ಇಂಥ ಪತ್ರಗಳಲ್ಲಿ ಎರಡು ಬಗೆ ಹೆಚ್ಚು. 'ಈ ಸಲ ಪೈಪೋಟಿ ಜಾಸ್ತಿ ಇತ್ತು, ಮಾರುಕಟ್ಟೆಯೇ ಮಂದ' ಎನ್ನುವುದು ಒಂದು. 'ಮಾರಾಟ ಕಡಿಮೆಯಾದರೂ ನಲವತ್ತು ಲಕ್ಷ ಸಲ ನಮ್ಮ ಜಾಹೀರಾತು ಜನರ ಕಣ್ಣಿಗೆ ಬಿತ್ತು' ಎನ್ನುವುದು ಇನ್ನೊಂದು. ಎರಡೂ ನಿಜವೇ ಇರಬಹುದು. ಆದರೆ ಓದಿ ಮುಗಿಸಿದ ಮೇಲೂ ಮಾಲೀಕರಿಗೆ ಮುಂದಿನ ತಿಂಗಳು ದುಡ್ಡು ಹಾಕಬೇಕೋ ಬೇಡವೋ ಎಂಬುದು ತಿಳಿಯುವುದಿಲ್ಲ. ಕೆಲಸಕ್ಕೆ ಬರುವ ಪತ್ರ ಹಾಕಿದ ರೂಪಾಯಿಯ ಬೆನ್ನು ಹತ್ತಿ ಹೋಗುತ್ತದೆ. ಅದು ಎಲ್ಲಿ ಸೋರಿತು ಎಂದು ತೋರಿಸುತ್ತದೆ, ಅಲ್ಲೇ ಸೋರಿತು ಎನ್ನಲು ಆಧಾರ ಕೊಡುತ್ತದೆ, ಮುಂದಿನ ಖರ್ಚನ್ನು ಯಾವ ಅಂಕಿ ಕಂಡರೆ ನಿಲ್ಲಿಸಬೇಕು ಎಂದು ಮೊದಲೇ ಬರೆದಿಡುತ್ತದೆ.

ಅದು ಹೇಗೆಂದು ನೋಡಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಂಪನಿ ಕಲ್ಪಿತ, ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾನೇ ಹಾಕಿದವು. ವ್ಯವಹಾರ ನಡೆಯುವ ರೀತಿ ಮಾತ್ರ ಈ ವ್ಯಾಪಾರದಲ್ಲಿರುವ ಎಲ್ಲರಿಗೂ ಪರಿಚಿತವಾದದ್ದೇ.

ಗಾಣದ ಎಣ್ಣೆಯ ಒಂದು ಹಬ್ಬ

ಚಳ್ಳಕೆರೆ ಕಡೆಯ ಒಂದು ಮನೆತನ ಗಾಣದ ಶೇಂಗಾ ಎಣ್ಣೆ ಮಾಡುತ್ತದೆ. ಆ ಮನೆಯ ಮಗಳು ಕಂಪನಿ ಕಟ್ಟಿ ಎರಡು ವರ್ಷದಿಂದ ಆನ್‌ಲೈನಿನಲ್ಲೂ ಮಾರುತ್ತಿದ್ದಾರೆ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಎರಡೂ ಇರುವ ಹಬ್ಬದ ಪೆಟ್ಟಿಗೆಯೊಂದನ್ನು ದೀಪಾವಳಿಗೆಂದು ತಂದರು. ತೆರಿಗೆ ಕಳೆದು ಒಂದು ಪೆಟ್ಟಿಗೆಗೆ ಕೈಗೆ ಬರುವುದು 1,000 ರೂಪಾಯಿ. ಎಣ್ಣೆ, ಬಾಟಲಿ, ರಟ್ಟಿನ ಪೆಟ್ಟಿಗೆ ಸೇರಿ 600 ಹೋಗುತ್ತದೆ, ಕೊರಿಯರಿಗೆ 100. ಉಳಿಯುವುದು 300.

ಇಡೀ ಪತ್ರ ನಿಲ್ಲುವುದು ಈ 300ರ ಮೇಲೆ. ಒಂದು ಪೆಟ್ಟಿಗೆ ಗಿರಾಕಿಯ ಮನೆ ತಲುಪಿಸಲು ಜಾಹೀರಾತಿಗೆ 300ಕ್ಕಿಂತ ಹೆಚ್ಚು ಖರ್ಚಾದರೆ ಮಾರಿದಷ್ಟೂ ನಷ್ಟ. ಪತ್ರದ ಮೊದಲ ಪುಟದಲ್ಲೇ ಈ ಅಂಕಿ ಇರಬೇಕು, ಮುಂದಿನ ಪ್ರತಿ ಸಂಖ್ಯೆಯನ್ನೂ ಮಾಲೀಕರು ಇದರ ಪಕ್ಕ ಇಟ್ಟು ನೋಡುವಂತಿರಬೇಕು.

ಯೋಜನೆ ಹೀಗಿತ್ತು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮಿನಲ್ಲಿ ಮೂರು ವಾರ ಕನ್ನಡದ ವಿಡಿಯೋ ಜಾಹೀರಾತು, ಖರ್ಚು 6 ಲಕ್ಷ. ಒಂದು ಆರ್ಡರಿಗೆ 200 ರೂಪಾಯಿಯಂತೆ 3,000 ಆರ್ಡರ್ ಬರಬೇಕು, ಎಲ್ಲ ಕಳೆದು 3 ಲಕ್ಷ ಉಳಿಯಬೇಕು. ಹಬ್ಬ ಮುಗಿದಾಗ ಜಾಹೀರಾತಿನ ಡ್ಯಾಶ್‌ಬೋರ್ಡ್ ತೋರಿಸಿದ್ದು 2,400 ಆರ್ಡರ್, ಒಂದಕ್ಕೆ 250 ರೂಪಾಯಿ. ಗುರಿ ಮುಟ್ಟಲಿಲ್ಲ, ಆದರೂ 300ರ ಒಳಗೇ ಇದೆ, ಸ್ವಲ್ಪ ಲಾಭವಾದರೂ ಬಂದಿರಬೇಕು ಎಂದು ಯಾರಿಗೂ ಅನ್ನಿಸುತ್ತದೆ.

ಕಂಪನಿಯ ಸ್ವಂತ ಲೆಕ್ಕದ ಪುಸ್ತಕ ಬೇರೆಯೇ ಹೇಳುತ್ತದೆ. 2,400ರಲ್ಲಿ 1,600 ಕ್ಯಾಶ್ ಆನ್ ಡೆಲಿವರಿ, ಅಂದರೆ ಪೆಟ್ಟಿಗೆ ಮನೆಗೆ ಬಂದ ಮೇಲೆ ದುಡ್ಡು. ಅವುಗಳಲ್ಲಿ 480 ವಾಪಸ್ ಬಂದವು. ಮೊದಲೇ ಹಣ ಕಟ್ಟಿದ 800ರಲ್ಲಿ ವಾಪಸ್ ಬಂದದ್ದು ಬರೀ 20. ವಾಪಸ್ ಬಂದ ಪ್ರತಿ ಪೆಟ್ಟಿಗೆಗೆ ಹೋಗುವ ಕೊರಿಯರ್, ಬರುವ ಕೊರಿಯರ್, ಹೊಸ ಪ್ಯಾಕಿಂಗ್ ಸೇರಿ 220 ರೂಪಾಯಿ ದಂಡ. ಮನೆ ತಲುಪಿದ 1,900 ಪೆಟ್ಟಿಗೆಗಳಿಂದ ಉಳಿದದ್ದು 5 ಲಕ್ಷ 70 ಸಾವಿರ. ಜಾಹೀರಾತಿಗೆ 6 ಲಕ್ಷ, ವಾಪಸಾತಿಗೆ 1 ಲಕ್ಷ 10 ಸಾವಿರ ಹೋಯಿತು. ಕೊನೆಗೆ 1 ಲಕ್ಷ 40 ಸಾವಿರ ನಷ್ಟ.

ಪತ್ರ ಶುರುವಾಗಬೇಕಾದದ್ದು ಈ ಕೊನೆಯ ಸಾಲಿನಿಂದ:

"ಮೇಡಂ, ನಮಸ್ಕಾರ. ದೀಪಾವಳಿ ಕ್ಯಾಂಪೇನಿನಲ್ಲಿ 3 ಲಕ್ಷ ಲಾಭ ಬರುತ್ತದೆ ಎಂದು ನಿಮಗೆ ಹೇಳಿದ್ದೆ. 1 ಲಕ್ಷ 40 ಸಾವಿರ ನಷ್ಟವಾಗಿದೆ. ಇದಕ್ಕೆ ಎರಡು ಕಾರಣ ಕಂಡಿವೆ. ದೊಡ್ಡದು ಹಬ್ಬದ ವಾರದಲ್ಲಿ ಏರಿದ ಜಾಹೀರಾತಿನ ದರ. ಸಣ್ಣದು, ಆದರೆ ನಮ್ಮ ಕೈಯಲ್ಲೇ ಇದ್ದದ್ದು, ಎರಡನೇ ವಾರದಿಂದ ಆರ್ಡರ್ ಖಾತರಿ ಮಾಡಿಕೊಳ್ಳುವುದನ್ನು ನಿಲ್ಲಿಸಿದ್ದು. ಎರಡಕ್ಕೂ ಆಧಾರವನ್ನು ಕೆಳಗೆ ಕೊಟ್ಟಿದ್ದೇನೆ. ಸಂಕ್ರಾಂತಿಗೆ 1 ಲಕ್ಷದ ಒಂದು ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕು."

ನಷ್ಟ ಎಷ್ಟು, ಕಾರಣ ಯಾವುದು, ಈಗ ಏನು ಕೇಳುತ್ತಿದ್ದೇನೆ ಎಂಬ ಮೂರೂ ಇಲ್ಲಿವೆ. ಮಾಲೀಕರು ಇಷ್ಟನ್ನೇ ಓದಿ ಪತ್ರ ಮಡಚಿಟ್ಟರೂ ತಿಳಿಯಬೇಕಾದದ್ದು ತಿಳಿದಿರುತ್ತದೆ.

ಯಾವ ಮೆಟ್ಟಿಲಲ್ಲಿ ಸೋರಿತು

ಆನ್‌ಲೈನ್ ಜಾಹೀರಾತಿನ ದುಡ್ಡು ಮೂರು ಮೆಟ್ಟಿಲು ಹತ್ತಿ ಆರ್ಡರ್ ಆಗುತ್ತದೆ. ಮೊದಲನೆಯದು ತೋರಿಸುವ ದರ, ಅಂದರೆ ಸಾವಿರ ಸಲ ಜಾಹೀರಾತು ಕಾಣಿಸಲು ತಗಲುವ ಖರ್ಚು. ಎರಡನೆಯದು, ಕಂಡವರಲ್ಲಿ ಎಷ್ಟು ಮಂದಿ ಒತ್ತಿದರು. ಮೂರನೆಯದು, ಒತ್ತಿ ಒಳಗೆ ಬಂದವರಲ್ಲಿ ಎಷ್ಟು ಮಂದಿ ಆರ್ಡರ್ ಮಾಡಿದರು. ಆರ್ಡರಿನ ಖರ್ಚು ಏರಿತೆಂದರೆ ಈ ಮೂರರಲ್ಲಿ ಯಾವುದೋ ಒಂದು ಕೆಟ್ಟಿರಲೇಬೇಕು. ಯಾವುದು ಎಂಬುದರ ಮೇಲೆ ಮದ್ದು ಬೇರೆ ಬೇರೆ.

ಒತ್ತುವವರು ಕಡಿಮೆಯಾಗಿದ್ದರೆ ವಿಡಿಯೋ ಹಿಡಿಸಿಲ್ಲ, ಅಥವಾ ಅದೇ ಜನರಿಗೆ ಅದನ್ನೇ ತೋರಿಸಿ ಬೇಸರವಾಗಿದೆ ಎಂದು ತಿಳಿಯಬೇಕು. ಒಳಗೆ ಬಂದವರು ಕೊಳ್ಳದೆ ಹೋಗಿದ್ದರೆ ಬೆಲೆಯಲ್ಲೋ ಪುಟದಲ್ಲೋ ಕೊರಿಯರ್ ದರದಲ್ಲೋ ತೊಡಕಿದೆ. ತೋರಿಸುವ ದರವೇ ಏರಿದ್ದರೆ ವಿಡಿಯೋ ಬದಲಿಸಿದರೂ ಹೆಚ್ಚು ಫಲ ಸಿಗಲಿಕ್ಕಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಲ್ಲಿ ಜಾಹೀರಾತಿಗೆ ನಿಗದಿಯಾದ ಬೆಲೆ ಇಲ್ಲ. ನೀವು ಫೋನ್ ತೆರೆದ ಆ ಕ್ಷಣಕ್ಕೆ ನಿಮ್ಮ ಪರದೆಯ ಜಾಗಕ್ಕೆ ಹರಾಜು ನಡೆಯುತ್ತದೆ. ದೀಪಾವಳಿ ಹೊತ್ತಿಗೆ ಫೋನು, ಬಟ್ಟೆ, ಚಿನ್ನ, ಕಾರು ಮಾರುವ ದೊಡ್ಡ ಕಂಪನಿಗಳೆಲ್ಲ ಅದೇ ಹರಾಜಿಗೆ ಇಳಿದಿರುತ್ತವೆ. ಎಣ್ಣೆ ಮಾರುವವರೂ ಅವರ ಜೊತೆಗೇ ಕೂಗಬೇಕು.

ನಮ್ಮ ಉದಾಹರಣೆಯಲ್ಲಿ ಗುರಿ ಹಾಕಿದ್ದು ಆಗಸ್ಟಿನ ಒಂದು ಸಣ್ಣ ಪ್ರಯೋಗದ ಮೇಲೆ. ಆಗ ಸಾವಿರ ಸಲ ತೋರಿಸಲು 100 ರೂಪಾಯಿ ಬಿದ್ದಿತ್ತು, ನೂರಕ್ಕೆ ಒಬ್ಬರು ಒತ್ತಿದ್ದರು, ಒತ್ತಿದ ನೂರರಲ್ಲಿ ಐವರು ಕೊಂಡಿದ್ದರು. ಲೆಕ್ಕ ಹಾಕಿದರೆ ಒಂದು ಆರ್ಡರಿಗೆ 200 ರೂಪಾಯಿ. ಹಬ್ಬದಲ್ಲಿ ತೋರಿಸುವ ದರ 150ಕ್ಕೆ ಏರಿತು. ಒತ್ತಿದವರು ಅದೇ ನೂರಕ್ಕೆ ಒಬ್ಬರು. ಹಾಗಾಗಿ ವಿಡಿಯೋದ ಮೇಲೆ ತಪ್ಪು ಹೊರಿಸಲು ಆಧಾರವಿಲ್ಲ, ಅದು ತನ್ನ ಕೆಲಸ ಮಾಡಿದೆ. ಕೊಂಡವರ ಪ್ರಮಾಣ ಮಾತ್ರ ಐದರಿಂದ ಆರಕ್ಕೆ ಏರಿದೆ.

ಒಳ್ಳೆಯದಾಗಿ ಕಾಣುವ ಈ ಆರನ್ನೇ ಮೊದಲು ಅನುಮಾನದಿಂದ ನೋಡಬೇಕು. ಅದು ಐದರಲ್ಲೇ ನಿಂತಿದ್ದರೆ ಒಂದು ಆರ್ಡರಿಗೆ 300 ಬೀಳುತ್ತಿತ್ತು, ಅಪಾಯ ಡ್ಯಾಶ್‌ಬೋರ್ಡಿನಲ್ಲೇ ಕಾಣುತ್ತಿತ್ತು. ಆರಾದದ್ದರಿಂದ ಖರ್ಚು 250ಕ್ಕೆ ಇಳಿದಂತೆ ಕಂಡು ಏರಿದ ದರ ಮರೆಯಾಯಿತು. ಹಾಗಾದರೆ ಹಬ್ಬದಲ್ಲಿ ಜನ ಇದ್ದಕ್ಕಿದ್ದಂತೆ ಹೆಚ್ಚು ಕೊಳ್ಳಲು ಕಾರಣವೇನು?

ಎರಡನೇ ವಾರ ನಡೆದದ್ದು

ಮೊದಲ ವಾರ ಕ್ಯಾಶ್ ಆನ್ ಡೆಲಿವರಿ ಆರಿಸಿಕೊಂಡವರಿಗೆ ವಾಟ್ಸ್‌ಆ್ಯಪಿನಲ್ಲಿ ಒಂದು ಸಂದೇಶ ಹೋಗುತ್ತಿತ್ತು. ವಿಳಾಸ, ಬೆಲೆ, ತಲುಪುವ ದಿನ ತೋರಿಸಿ 'ಹೌದು, ಕಳಿಸಿ' ಎಂದು ಒತ್ತಲು ಕೇಳುವ ಸಂದೇಶ. ಒತ್ತಿದ ಮೇಲೆಯೇ ಅದು ಆರ್ಡರ್ ಆಗುತ್ತಿತ್ತು. ಎರಡನೇ ವಾರದ ಶುರುವಿಗೆ ಆರ್ಡರ್ ಗುರಿಗಿಂತ ಹಿಂದಿತ್ತು. ಸಂದೇಶಕ್ಕೆ ಉತ್ತರಿಸದೆ ಬಿಟ್ಟವರ ಪಟ್ಟಿ ಬೆಳೆಯುತ್ತಿತ್ತು. ಗಿರಾಕಿ ಕೈತಪ್ಪಿ ಹೋಗುತ್ತಿದ್ದಾರೆ ಎಂದುಕೊಂಡ ಮಾರ್ಕೆಟಿಂಗ್ ತಂಡ ಆ ಸಂದೇಶವನ್ನೇ ತೆಗೆದು, ನೇರ ಆರ್ಡರ್ ತೆಗೆದುಕೊಳ್ಳತೊಡಗಿತು.

ಎರಡು ಅವಧಿಗಳನ್ನು ಪಕ್ಕಪಕ್ಕ ಇಟ್ಟರೆ ಚಿತ್ರ ಹೀಗಿದೆ:

| | ಮೊದಲ ವಾರ | ನಂತರದ ಎರಡು ವಾರ | ಒಟ್ಟು |
|---|---|---|---|
| ಜಾಹೀರಾತಿನ ಖರ್ಚು (ರೂ.) | 1,80,000 | 4,20,000 | 6,00,000 |
| ಆರ್ಡರ್ | 660 | 1,740 | 2,400 |
| ವಾಪಸ್ ಬಂದದ್ದು | 41 | 459 | 500 |
| ಮನೆ ತಲುಪಿದ್ದು | 619 | 1,281 | 1,900 |
| ತಲುಪಿದ ಒಂದಕ್ಕೆ ಖರ್ಚು, ವಾಪಸಾತಿ ಸೇರಿ (ರೂ.) | 305 | 407 | 374 |

ಮೊದಲ ವಾರ ಏರಿದ ದರದಲ್ಲೂ ಖರ್ಚು 305ರಲ್ಲಿ ನಿಂತಿತ್ತು, ಹೆಚ್ಚುಕಡಿಮೆ ಅಸಲಿಗೆ ಸಮ. ಖಾತರಿ ತೆಗೆದ ಮೇಲೆ 407 ಆಯಿತು. ಕ್ಯಾಶ್ ಆನ್ ಡೆಲಿವರಿಯಲ್ಲಿ ವಾಪಸಾತಿ ನೂರಕ್ಕೆ 10 ಇದ್ದದ್ದು 36ಕ್ಕೆ ಹಾರಿತು.

ಇದರ ಹಿಂದೆ ಇನ್ನೊಂದು ಕೆಲಸವೂ ನಡೆದಿರುವ ಸಾಧ್ಯತೆ ಇದೆ. ಜಾಹೀರಾತು ವ್ಯವಸ್ಥೆಗೆ ನಾವು ಒಂದು ಗುರಿ ಕೊಟ್ಟಿರುತ್ತೇವೆ: ಖರೀದಿ ಮಾಡುವವರನ್ನು ಹುಡುಕು. ಖರೀದಿ ಎಂದರೇನು ಎಂಬುದು ಅದಕ್ಕೆ ನಮ್ಮ ವೆಬ್‌ಸೈಟ್ ಕಳಿಸುವ ಸೂಚನೆಯಿಂದಲೇ ಗೊತ್ತಾಗಬೇಕು. ಮೊದಲ ವಾರ 'ಹೌದು' ಎಂದವರ ಸೂಚನೆ ಮಾತ್ರ ಹೋಗುತ್ತಿತ್ತು, ಅಂಥವರನ್ನೇ ಹೋಲುವ ಜನರನ್ನು ಅದು ಹುಡುಕಿ ತಂದಿತು. ಆಮೇಲೆ ಸುಮ್ಮನೆ ಗುಂಡಿ ಒತ್ತಿದವರದ್ದೂ ಹೋಗತೊಡಗಿತು. ಗುಂಡಿ ಒತ್ತುವವರು ಅಗ್ಗಕ್ಕೆ ಸಿಗುತ್ತಾರೆ, ಹಾಗಾಗಿ ವ್ಯವಸ್ಥೆ ಅವರ ಕಡೆಗೇ ವಾಲುತ್ತದೆ. ಪೆಟ್ಟಿಗೆ ವಾಪಸ್ ಬಂತೆಂಬ ಸುದ್ದಿ ಅದಕ್ಕೆ ತಲುಪುವುದೇ ಇಲ್ಲ.

ಬೇರೆ ಕಾರಣ ಇರಬಹುದಲ್ಲ?

ಮಾಲೀಕರು ಕೇಳಬೇಕಾದ ಪ್ರಶ್ನೆ ಇದು, ಮ್ಯಾನೇಜರ್ ತಾನೇ ಮೊದಲು ಕೇಳಿಕೊಂಡು ಪತ್ರದಲ್ಲಿ ಉತ್ತರ ಕೊಟ್ಟಿರಬೇಕು. ಹಬ್ಬ ಹತ್ತಿರ ಬಂದಂತೆ ಕೊರಿಯರ್ ತಡವಾಗುತ್ತದೆ, ತಡವಾದ ಪಾರ್ಸೆಲನ್ನು ಜನ ಬೇಡ ಎನ್ನುತ್ತಾರೆ. ವಾಪಸಾತಿ ಏರಿದ್ದು ಅದರಿಂದಲೇ ಆಗಿದ್ದರೆ ಖಾತರಿ ಸಂದೇಶವನ್ನು ಮತ್ತೆ ತಂದು ಪ್ರಯೋಜನವಿಲ್ಲ.

ಪರೀಕ್ಷಿಸುವ ದಾರಿ ಸುಲಭ. ನಂತರದ ಎರಡು ವಾರಗಳ 1,240 ಕ್ಯಾಶ್ ಆನ್ ಡೆಲಿವರಿ ಪೆಟ್ಟಿಗೆಗಳನ್ನು ಎರಡು ಪಾಲು ಮಾಡಬೇಕು. ನಾಲ್ಕು ದಿನದೊಳಗೆ ಮನೆ ಬಾಗಿಲಿಗೆ ಹೋದವು 740, ತಡವಾದವು 500. ಮೊದಲನೆಯದರಲ್ಲಿ 260 ವಾಪಸ್ ಬಂದಿವೆ, ನೂರಕ್ಕೆ 35. ಎರಡನೆಯದರಲ್ಲಿ 184, ನೂರಕ್ಕೆ 37. ಬೇಗ ಹೋದ ಪೆಟ್ಟಿಗೆಗಳೂ ಹೆಚ್ಚುಕಡಿಮೆ ಅಷ್ಟೇ ವಾಪಸ್ ಬಂದಿವೆ ಎಂದ ಮೇಲೆ ತಡವಾದದ್ದು ಮುಖ್ಯ ಕಾರಣವಲ್ಲ. ಇಷ್ಟು ಪೆಟ್ಟಿಗೆಗಳಲ್ಲಿ ಎರಡರಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಹತ್ತಕ್ಕೂ ಮೂವತ್ತಾರಕ್ಕೂ ಇರುವ ಅಂತರ ಹಾಗೆ ಬರುವಂಥದ್ದಲ್ಲ.

ಇನ್ನೊಂದು ಅನುಮಾನ ಉಳಿಯುತ್ತದೆ. ಮೊದಲ ವಾರ ಕೊಂಡವರು ಕಂಪನಿಯ ಹಳೆಯ ಗಿರಾಕಿಗಳಿರಬಹುದು, ಅವರು ಹೇಗೂ ವಾಪಸ್ ಕಳಿಸುವುದಿಲ್ಲ. ಇದಕ್ಕೆ ಫೋನ್ ನಂಬರುಗಳನ್ನು ಹಳೆಯ ಪಟ್ಟಿಯ ಜೊತೆ ತಾಳೆ ನೋಡಿ, ಹೊಸಬರನ್ನು ಮಾತ್ರ ಬೇರೆ ತೆಗೆಯಬೇಕು. ನಮ್ಮ ಉದಾಹರಣೆಯಲ್ಲಿ ಹಾಗೆ ಮಾಡಿದರೂ ವಾಪಸಾತಿ ಮೊದಲ ವಾರ ನೂರಕ್ಕೆ 12, ಆಮೇಲೆ 37.

ಅಂಕಿ ಇಷ್ಟು ಹೇಳುತ್ತದೆ. ಜನ ಏಕೆ ಬೇಡವೆಂದರು ಎಂಬುದಕ್ಕೆ ಫೋನ್ ಹಚ್ಚಬೇಕು. ಕೊರಿಯರಿನವರ ಪಟ್ಟಿಯಲ್ಲಿ ಪ್ರತಿ ವಾಪಸಾತಿಯ ಎದುರು ಒಂದು ಕಾರಣ ಇರುತ್ತದೆ: 'ಗ್ರಾಹಕರು ಸಿಗಲಿಲ್ಲ', 'ಗ್ರಾಹಕರು ನಿರಾಕರಿಸಿದರು', 'ವಿಳಾಸ ಅಪೂರ್ಣ'. ಇದನ್ನೇ ನಂಬಿ ಕೂತರೆ ದಾರಿ ತಪ್ಪುತ್ತದೆ. ಹಬ್ಬದ ಹೊರೆಯಲ್ಲಿ ಡೆಲಿವರಿ ಹುಡುಗ ಆ ಬೀದಿಗೇ ಹೋಗದೆ 'ಸಿಗಲಿಲ್ಲ' ಎಂದು ಹಾಕಿಬಿಡುವುದೂ ಉಂಟು. ವಾಪಸ್ ಬಂದ ಪೆಟ್ಟಿಗೆಗಳ ರಾಶಿಯಿಂದ ಹೀಗೇ ಐವತ್ತನ್ನು ತೆಗೆದು, ಅವುಗಳ ಮೇಲಿನ ನಂಬರಿಗೆ ಮ್ಯಾನೇಜರೇ ಕರೆ ಮಾಡಿ, ಕೇಳಿದ್ದನ್ನು ಕೇಳಿದ ಹಾಗೆಯೇ ಪತ್ರಕ್ಕೆ ಸೇರಿಸಬೇಕು. 'ರಾತ್ರಿ ಮಲಗಿಕೊಂಡು ನೋಡ್ತಾ ಒತ್ತಿದ್ದೆ, ಆರ್ಡರ್ ಆಗಿದೆ ಅಂತ ಗೊತ್ತಿರಲಿಲ್ಲ', 'ಮನೇಲಿ ಎಣ್ಣೆ ಇದೆ, ಸಾವಿರ ರೂಪಾಯಿ ಯಾಕೆ ಅಂದ್ರು', 'ನನಗೆ ಯಾರೂ ಫೋನೇ ಮಾಡಿಲ್ಲ' ಎಂಬಂಥ ಉತ್ತರಗಳು ಬರುತ್ತವೆ. ಮೊದಲ ಎರಡು ಬಗೆಯವರನ್ನು ಖಾತರಿ ಸಂದೇಶ ಮೊದಲೇ ಸೋಸಿಬಿಡುತ್ತಿತ್ತು. ಮೂರನೆಯದಕ್ಕೆ ಮದ್ದು ಕೊರಿಯರ್ ಕಂಪನಿಯ ಜೊತೆ ಮಾತಾಡುವುದು. ಯಾವ ಉತ್ತರ ಹೆಚ್ಚು ಬಂತೋ ಅದರ ಮೇಲೆ ಮುಂದಿನ ಕೆಲಸ ನಿಲ್ಲುತ್ತದೆ.

ಕಾರಣ ಗೊತ್ತಾದ ಮೇಲೆ ಅವುಗಳ ತೂಕವನ್ನೂ ಹೇಳಬೇಕು. ಮೊದಲ ವಾರದ ಪದ್ಧತಿಯೇ ಮೂರೂ ವಾರ ಮುಂದುವರಿದು, ಅದೇ ಪ್ರಮಾಣದಲ್ಲಿ ಪೆಟ್ಟಿಗೆ ತಲುಪಿದ್ದರೆ ನಷ್ಟ ಸುಮಾರು 11 ಸಾವಿರಕ್ಕೆ ನಿಲ್ಲುತ್ತಿತ್ತು. ಹಾಗಾಗಿ ಖಾತರಿ ತೆಗೆದದ್ದರ ಬೆಲೆ ಸುಮಾರು 1 ಲಕ್ಷ 30 ಸಾವಿರ. ಆದರೆ ಯೋಜನೆಯಲ್ಲಿದ್ದ 3 ಲಕ್ಷದ ಲಾಭ ಆಗಲೂ ಬರುತ್ತಿರಲಿಲ್ಲ. ಅದನ್ನು ತಿಂದದ್ದು ಏರಿದ ದರ, ಜೊತೆಗೆ ವಾಪಸಾತಿಗೆ ಜಾಗವೇ ಇಡದೆ ಹಾಕಿದ ಗುರಿ. ಗುರಿಯೇ ಸರಿಯಿರಲಿಲ್ಲ ಎಂಬುದನ್ನೂ ಪತ್ರ ಹೇಳಬೇಕು. ಆಗಸ್ಟಿನ ದರ ದೀಪಾವಳಿಗೂ ಇರುತ್ತದೆ ಎಂದು ಎಣಿಸಿದ್ದೇ ಆ ಗುರಿಯ ಬುಡ.

ಹೇಗೂ ಬರುತ್ತಿದ್ದವರು

ಮುಂದಿನ ಹೆಜ್ಜೆಗೆ ಹೋಗುವ ಮುನ್ನ ಇನ್ನೊಂದು ಲೆಕ್ಕ ಉಳಿದಿದೆ. 2,400 ಆರ್ಡರ್ ಜಾಹೀರಾತಿನಿಂದಲೇ ಬಂದವು ಎಂದು ಹೇಳಿದ್ದು ಜಾಹೀರಾತು ಮಾರುವ ಕಂಪನಿ. ಮೆಟಾದ ಸಾಮಾನ್ಯ ನಿಯಮದಲ್ಲಿ, ಜಾಹೀರಾತು ಒತ್ತಿದ ಏಳು ದಿನದೊಳಗೆ ಅಥವಾ ಸುಮ್ಮನೆ ಕಂಡ ಒಂದು ದಿನದೊಳಗೆ ನೀವು ಕೊಂಡರೆ ಅದು ಜಾಹೀರಾತಿನ ಖಾತೆಗೆ ಸೇರುತ್ತದೆ. ಅಂಗಡಿಯ ಹೆಸರು ಮೊದಲೇ ಗೊತ್ತಿದ್ದು, ಹಬ್ಬಕ್ಕೆ ಹೇಗೂ ಕೊಳ್ಳುತ್ತಿದ್ದವರೂ ಅದರಲ್ಲಿ ಸೇರಿರುತ್ತಾರೆ. 2021ರ ಏಪ್ರಿಲ್‌ನಲ್ಲಿ ಆ್ಯಪಲ್ ಐಒಎಸ್ 14.5 ತಂದು, ಬೇರೆ ಕಡೆ ಹಿಂಬಾಲಿಸುವ ಮುನ್ನ ಆ್ಯಪ್‌ಗಳು ಬಳಕೆದಾರರ ಅನುಮತಿ ಕೇಳಲೇಬೇಕೆಂದು ಮಾಡಿತು. ಅಂದಿನಿಂದ ಡ್ಯಾಶ್‌ಬೋರ್ಡಿನ ಲೆಕ್ಕದಲ್ಲಿ ಒಂದು ಪಾಲು ಅಂದಾಜು.

ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ತೋರಿಸಿದ್ದು ಅಮೆರಿಕದ ಇಬೇ. 2012ರಲ್ಲಿ ಅದು ಯಾಹೂ ಮತ್ತು ಎಂಎಸ್‌ಎನ್ ಹುಡುಕುತಾಣಗಳಲ್ಲಿ ತನ್ನದೇ ಹೆಸರಿನ ಹುಡುಕಾಟಕ್ಕೆ ಕೊಡುತ್ತಿದ್ದ ಜಾಹೀರಾತನ್ನು ನಿಲ್ಲಿಸಿ ನೋಡಿತು. ಜಾಹೀರಾತಿನ ಮೂಲಕ ಬರುತ್ತಿದ್ದ ಭೇಟಿಗಳಲ್ಲಿ ನೂರಕ್ಕೆ 99.5ರಷ್ಟು ಅದರ ಕೆಳಗಿದ್ದ ಉಚಿತ ಕೊಂಡಿಯಿಂದಲೇ ಬಂದವು. ಟಾಮ್ ಬ್ಲೇಕ್, ಕ್ರಿಸ್ ನೋಸ್ಕೊ, ಸ್ಟೀವನ್ ಟಡೆಲಿಸ್ ಇದನ್ನೂ ಇದರ ಮುಂದಿನ ಪ್ರಯೋಗಗಳನ್ನೂ ಬರೆದು 2015ರಲ್ಲಿ 'ಎಕನಾಮೆಟ್ರಿಕಾ' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಕಂಡ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯ. ಹೊಸಬರು ಮತ್ತು ಅಪರೂಪಕ್ಕೆ ಬರುವವರ ಮೇಲೆ ಜಾಹೀರಾತು ಕೆಲಸ ಮಾಡಿತ್ತು, ಪದೇ ಪದೇ ಬರುತ್ತಿದ್ದವರ ಮೇಲೆ ಅದರ ಪ್ರಭಾವ ಅಷ್ಟಕ್ಕಷ್ಟೇ ಇತ್ತು. ಇಬೇ ಆಗಲೇ ಎಲ್ಲರಿಗೂ ಗೊತ್ತಿದ್ದ ಹೆಸರು, ಸಣ್ಣ ಕಂಪನಿಗೆ ಆ 99.5 ಅನ್ವಯಿಸುವುದಿಲ್ಲ. ಹೊಸಬರನ್ನೂ ಹಳಬರನ್ನೂ ಬೇರೆ ಬೇರೆ ಎಣಿಸಬೇಕೆಂಬ ಪಾಠ ಅನ್ವಯಿಸುತ್ತದೆ.

ನಮ್ಮ ಎಣ್ಣೆ ಕಂಪನಿಯ 1,900ರಲ್ಲಿ 400 ಮಂದಿ ಹಳಬರು. ಹಿಂದಿನ ದೀಪಾವಳಿಗೆ ಜಾಹೀರಾತು ಇಲ್ಲದೆ, ವಾಟ್ಸ್‌ಆ್ಯಪಿನ ಒಂದು ಸಂದೇಶಕ್ಕೇ 350 ಹಳಬರು ಕೊಂಡಿದ್ದರು. ಆದ್ದರಿಂದ ಈ 400ರಲ್ಲಿ ಹೆಚ್ಚಿನವರು ಹೇಗೂ ಬರುತ್ತಿದ್ದರು ಎನ್ನಬಹುದು. ಅವರನ್ನು ಬಿಟ್ಟರೆ ಹೊಸ ಗಿರಾಕಿಗಳು 1,500, ಒಬ್ಬರಿಗೆ ಬಿದ್ದ ಖರ್ಚು 473 ರೂಪಾಯಿ.

ಇಲ್ಲಿ 'ಎಣ್ಣೆ ಮತ್ತೆ ಮತ್ತೆ ಬೇಕಾಗುವ ವಸ್ತು, ಹೊಸಬರು ತಿರುಗಿ ಬಂದಾಗ ನಷ್ಟ ತುಂಬುತ್ತದೆ' ಎಂಬ ಮಾತು ಬರುತ್ತದೆ. ಮಾತು ಸರಿ, ಆದರೆ ಅಂಕಿಯ ಜೊತೆ ಬರಬೇಕು. ಕಂಪನಿಯ ಹಳೆಯ ಪುಸ್ತಕದಲ್ಲಿ ನೂರು ಹೊಸಬರಲ್ಲಿ 30 ಮಂದಿ ಮೂರು ತಿಂಗಳೊಳಗೆ ಜಾಹೀರಾತಿಲ್ಲದೆ ಮತ್ತೆ ಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಹಾಗಾದರೆ ಒಬ್ಬ ಹೊಸಬರಿಂದ ಸರಾಸರಿ 90 ರೂಪಾಯಿ ಹೆಚ್ಚು ನಿರೀಕ್ಷಿಸಬಹುದು, 300ರ ಮಿತಿ 390ಕ್ಕೆ ಏರಬಹುದು. 473 ಅದನ್ನೂ ದಾಟಿದೆ. ತಿರುಗಿ ಬರುವವರ ಮೇಲೆ ಭರವಸೆ ಇಟ್ಟರೂ ಮೂರು ತಿಂಗಳಲ್ಲಿ ಈ ಕ್ಯಾಂಪೇನ್ ಅಸಲು ಕಾಣುವುದಿಲ್ಲ. ಈ ಸಾಲನ್ನು ಪತ್ರದಿಂದ ಬಿಡಬಾರದು.

ಮುಂದೆ ಬದಲಾಗುವುದು

ಪತ್ರದ ಈ ಭಾಗದಲ್ಲಿ ಹತ್ತು ಬದಲಾವಣೆಗಳ ಪಟ್ಟಿ ಕೊಡುವ ಆಸೆ ಬರುತ್ತದೆ. ಹತ್ತನ್ನೂ ಒಟ್ಟಿಗೆ ಮಾಡಿದರೆ ಯಾವುದು ಫಲ ಕೊಟ್ಟಿತು ಎಂದು ಆಮೇಲೆ ಹೇಳಲಾಗುವುದಿಲ್ಲ. ನಮ್ಮ ಮ್ಯಾನೇಜರ್ ಬರೆಯಬೇಕಾದದ್ದು ಇಷ್ಟು:

"ಖಾತರಿ ಸಂದೇಶವನ್ನು ಇವತ್ತಿನಿಂದಲೇ ಮತ್ತೆ ತಂದಿದ್ದೇವೆ. 'ಹೌದು' ಬಂದ ಮೇಲೆಯೇ ಜಾಹೀರಾತು ವ್ಯವಸ್ಥೆಗೆ ಖರೀದಿಯ ಸೂಚನೆ ಹೋಗುತ್ತದೆ. ಹಬ್ಬದ ಹರಾಜಿನಿಂದ ದೂರ ಸರಿದು ಜನವರಿಯ ಮೊದಲ ಎರಡು ವಾರ, ಎಳ್ಳು-ಬೆಲ್ಲಕ್ಕೆ ಶೇಂಗಾ ಕೊಳ್ಳುವ ಹೊತ್ತಿಗೆ ಜಾಹೀರಾತು ಹಾಕೋಣ. ಆಗ ದರ ಇಳಿದಿರುತ್ತದೆ ಎಂಬುದು ನನ್ನ ಊಹೆ. ಅದನ್ನು ಪರೀಕ್ಷಿಸಲೆಂದೇ 6 ಲಕ್ಷದ ಬದಲು 1 ಲಕ್ಷ ಕೇಳುತ್ತಿದ್ದೇನೆ. ಕ್ಯಾಶ್ ಆನ್ ಡೆಲಿವರಿಗೆ 50 ರೂಪಾಯಿ ಮುಂಗಡ ಪಡೆಯುವ ಯೋಚನೆಯೂ ಇದೆ, ಈ ಸಲ ಬೇಡ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರ ಫಲ ಎಂದು ತಿಳಿಯುವುದಿಲ್ಲ."

ಜಾಹೀರಾತು ಎಲ್ಲ ಕಡೆ ಹೋಗುವುದಿಲ್ಲ. ಹಿಂದೆ ಹೆಚ್ಚುಕಡಿಮೆ ಒಂದೇ ಪ್ರಮಾಣದ ಮಾರಾಟ ಇದ್ದ ಊರುಗಳನ್ನು ಜೋಡಿ ಮಾಡಿ, ದಾವಣಗೆರೆ, ಶಿವಮೊಗ್ಗದಲ್ಲಿ ತೋರಿಸಿ, ತುಮಕೂರು, ಹಾಸನದಲ್ಲಿ ತೋರಿಸದೆ ಬಿಡುತ್ತಾರೆ. ಪಿನ್‌ಕೋಡ್ ಹಿಡಿದು ಎರಡೂ ಕಡೆಯ ಮಾರಾಟ ಎಣಿಸುತ್ತಾರೆ. ತೋರಿಸಿದ ಕಡೆ ಎಷ್ಟು ಹೆಚ್ಚಾಯಿತೋ ಅಷ್ಟು ಮಾತ್ರ ಜಾಹೀರಾತಿನ ಗಳಿಕೆ, ಡ್ಯಾಶ್‌ಬೋರ್ಡ್ ಏನೇ ಹೇಳಲಿ. ನಾಲ್ಕೇ ಊರಿನ ಪರೀಕ್ಷೆಗೆ ಮಿತಿ ಇದೆ. ಒಂದು ಊರಿನಲ್ಲಿ ಒಬ್ಬ ಸಗಟು ಗಿರಾಕಿ ಬಂದರೂ ಲೆಕ್ಕ ವಾಲುತ್ತದೆ, ಸಣ್ಣ ವ್ಯತ್ಯಾಸಗಳನ್ನು ಅದು ಹಿಡಿಯಲಾರದು. ಜಾಹೀರಾತು ಬಹಳ ಫಲ ಕೊಡುತ್ತಿದೆಯೋ ಏನೂ ಕೊಡುತ್ತಿಲ್ಲವೋ ಎಂಬಷ್ಟನ್ನು ಹೇಳಬಲ್ಲದು. ಈಗಿನ ನಿರ್ಧಾರಕ್ಕೆ ಅಷ್ಟು ಸಾಕು.

ಇನ್ನು ನಿಲ್ಲಿಸುವ ಗೆರೆ. ಪೆಟ್ಟಿಗೆ ತಲುಪಿತೋ ವಾಪಸ್ ಬಂತೋ ಎಂದು ತಿಳಿಯಲು ದಿನಗಟ್ಟಲೆ ಬೇಕು, ಅಲ್ಲಿವರೆಗೆ ಕಾಯುತ್ತಾ ದುಡ್ಡು ಸುರಿಯಲಾಗದು. ಹಾಗಾಗಿ ನಡುವೆ ನೋಡಲು ಒಂದು ಅಂಕಿ ಬೇಕು. ಮೊದಲ ವಾರದ ಅನುಭವದಂತೆ ಖಾತರಿಯಾದ ನೂರರಲ್ಲಿ 94 ತಲುಪುತ್ತವೆ. ಖಾತರಿಯಾದ ಒಂದು ಆರ್ಡರಿಗೆ 265 ರೂಪಾಯಿ ಮೀರದಿದ್ದರೆ ತಲುಪಿದ್ದರ ಖರ್ಚು 300ರ ಒಳಗೆ ಉಳಿಯುತ್ತದೆ. ಅದರಂತೆ, 50 ಸಾವಿರ ಖರ್ಚಾದ ದಿನ ಖಾತರಿಯಾದ ಆರ್ಡರ್ 190ಕ್ಕಿಂತ ಕಡಿಮೆ ಇದ್ದರೆ ಉಳಿದ 50 ಸಾವಿರ ಖರ್ಚು ಮಾಡುವುದಿಲ್ಲ ಎಂದು ಪತ್ರದಲ್ಲೇ ಬರೆಯಬೇಕು. ಖರ್ಚು ಶುರುವಾದ ಮೇಲೆ 'ಇನ್ನೆರಡು ದಿನ ನೋಡೋಣ' ಎನ್ನುವುದು ಸುಲಭ. ಗೆರೆಯನ್ನು ಮೊದಲೇ ಎಳೆದು ಮಾಲೀಕರ ಕೈಗೆ ಕೊಟ್ಟಿದ್ದರೆ ಆ ಮಾತಿಗೆ ಜಾಗ ಇರುವುದಿಲ್ಲ.

ಕೊನೆಯ ಬದಲಾವಣೆ ಮಾಲೀಕರದ್ದು, ಅದನ್ನು ಬರೆಯಲು ಮ್ಯಾನೇಜರಿಗೆ ಧೈರ್ಯ ಬೇಕು. ಹಬ್ಬದ ಮೂರೂ ವಾರ ಪ್ರತಿ ಬೆಳಗ್ಗೆ ಕಂಪನಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೇಡಂ ಕೇಳುತ್ತಿದ್ದದ್ದು ಒಂದೇ: ನಿನ್ನೆ ಎಷ್ಟು ಆರ್ಡರ್? ಆ ಅಂಕಿ ಏರಬೇಕೆಂಬ ಒತ್ತಡದಲ್ಲೇ ಖಾತರಿ ಸಂದೇಶ ಹೋಯಿತು. ಅದು ಹೋದ ಮರುದಿನ ಅಂಕಿ ಏರಿತು, ಎಲ್ಲರಿಗೂ ಸಮಾಧಾನವಾಯಿತು, ವಾಪಸಾತಿ ಶುರುವಾದದ್ದು ಆಮೇಲೆ. ಅದೇ ಪ್ರಶ್ನೆ ಮುಂದುವರಿದರೆ ಸಂಕ್ರಾಂತಿಯಲ್ಲೂ ಯಾರಾದರೊಬ್ಬರು ಅದೇ ದಾರಿ ಹಿಡಿಯುತ್ತಾರೆ. ಆದ್ದರಿಂದ ಪತ್ರ ಮಾಲೀಕರಲ್ಲಿ ಇನ್ನೊಂದು ಕೋರಿಕೆ ಇಡಬೇಕು. ಇನ್ನು ಮುಂದೆ ದಿನದ ವರದಿಯಲ್ಲಿ ಮೂರು ಅಂಕಿ ಇರಲಿ: ಖಾತರಿಯಾದ ಆರ್ಡರ್ ಎಷ್ಟು, ಮನೆ ತಲುಪಿದ್ದು ಎಷ್ಟು, ವಾಪಸ್ ಹೊರಟದ್ದು ಎಷ್ಟು. ಬರೀ ಆರ್ಡರಿನ ಅಂಕಿಯನ್ನು ಯಾರೂ ಕೇಳುವುದೂ ಬೇಡ, ಯಾರೂ ಕಳಿಸುವುದೂ ಬೇಡ. ಜನವರಿ ಮುಗಿದ ಮೇಲೆ ಬರುವ ಪತ್ರದಲ್ಲೂ ಇದೇ ಕೋಷ್ಟಕ, ಇದೇ ಐದು ಸಾಲು ಇರಲಿ. ಆಗ ಮಾಲೀಕರು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಕೊನೆಯ ಸಾಲು 300ರ ಕೆಳಗೆ ಬಂತೋ ಇಲ್ಲವೋ ಎಂದು ತಾವೇ ನೋಡಿ, ಮುಂದಿನ ದುಡ್ಡಿನ ತೀರ್ಮಾನ ಮಾಡಬಹುದು.